ಅಮಾನತು ಅಂದ್ರೆ ಕೆಲಸ ಹೋಯ್ತು ಅಂತ ಅಲ್ಲ

ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮಂಥವರಿಗೆ 'ಅಮಾನತು' ಅನ್ನೋ ಪದ ಪರಿಚಯ ಆಗಿದ್ದೇ ಪೇಪರ್ ಹೆಡ್‌ಲೈನ್‌ಗಳಿಂದ. 'ಇಂಜಿನಿಯರ್ ಅಮಾನತು' ಅಂತ ಓದಿದಾಗೆಲ್ಲ ಆ ಮನುಷ್ಯನ ಕಥೆ ಮುಗೀತು ಅಂದ್ಕೊಳ್ತಿದ್ವಿ. ನಿಯಮ ಓದಿದ ಮೇಲೆ ಗೊತ್ತಾಯ್ತು, ಕಥೆ ಶುರುವಾಗೋದೇ ಅಲ್ಲಿಂದ.

ಇಬ್ಬರನ್ನು ಊಹಿಸಿಕೊಳ್ಳೋಣ. ನಮ್ಮ ಬ್ಯಾಚಿನ ಒಬ್ಬಳು ಮುಂದೆ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್, ಇನ್ನೊಬ್ಬ ಐಟಿ ಕಂಪನಿಯಲ್ಲಿ. ಇಬ್ಬರ ಮೇಲೂ ಒಂದೇ ಆರೋಪ: ಗುಟ್ಟಾಗಿಡಬೇಕಾದ ಟೆಂಡರ್ ಮಾಹಿತಿಯನ್ನು ಹೊರಗೆ ಕೊಟ್ಟರು ಅಂತ.

ಅವಳಿಗೆ ಅನ್ವಯ ಆಗೋದು ಕರ್ನಾಟಕದ 1957ರ ಸಿಸಿಎ ನಿಯಮಗಳು. ಮೊದಲು ಅಮಾನತು ಆದೇಶ ಬರಬಹುದು. ಆದರೆ ಅದು ಶಿಕ್ಷೆ ಅಲ್ಲ, ವಿಚಾರಣೆ ಮುಗಿಯೋವರೆಗೆ ಕೆಲಸದಿಂದ ದೂರ ಇಡೋದು ಅಷ್ಟೆ. ಆಮೇಲೆ ಲಿಖಿತ ಆರೋಪ ಪಟ್ಟಿ ಕೊಡಬೇಕು, ಜೊತೆಗೆ ಯಾವ ದಾಖಲೆ, ಯಾವ ಸಾಕ್ಷಿ ಅನ್ನೋ ಪಟ್ಟಿಯನ್ನೂ ಕೊಡಬೇಕು. ಅವಳು ಉತ್ತರ ಬರೀಬಹುದು, ಸಾಕ್ಷಿಗಳಿಗೆ ಪಾಟೀಸವಾಲು ಹಾಕಬಹುದು. ವಿಚಾರಣಾಧಿಕಾರಿಯ ವರದಿ ಕೈಗೆ ಸಿಕ್ಕ ಮೇಲೂ ತನ್ನ ಮಾತು ಹೇಳಬಹುದು. ಇಷ್ಟೆಲ್ಲ ಆದಮೇಲೇ ಶಿಕ್ಷೆ. ಇದರ ಹಿಂದೆ ಸಂವಿಧಾನದ 311ನೇ ವಿಧಿ ಇದೆ. ಸರ್ಕಾರಿ ನೌಕರರನ್ನು ಕೇಳದೆ ವಜಾ ಮಾಡುವಂತಿಲ್ಲ ಅನ್ನುತ್ತೆ ಅದು. ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆದಾಗ, ವಿಚಾರಣೆ ನಡೆಸೋದು ಸಾಧ್ಯವೇ ಇಲ್ಲದಾಗ, ದೇಶದ ಭದ್ರತೆಯ ಪ್ರಶ್ನೆ ಬಂದಾಗ ಮಾತ್ರ ವಿನಾಯಿತಿ.

ಈ ರಕ್ಷಣೆಗೆ ಬೆಲೆಯೂ ಇದೆ. ನಡತೆ ನಿಯಮಗಳು ಅವಳ ಮನೆಯೊಳಗೂ ಬರ್ತವೆ: ಪ್ರತಿ ವರ್ಷ ಆಸ್ತಿ ವಿವರ ಕೊಡಬೇಕು, ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ.

ಇನ್ನು ಅವನ ಕಥೆ. ಅವನಿಗೆ 311 ಇಲ್ಲ, ಇರೋದು ಆಫರ್ ಲೆಟರ್. ನೋಟಿಸ್ ಅವಧಿಯ ಸಂಬಳ ಕೊಟ್ಟು ಕಾರಣ ಹೇಳದೆ ಕಳಿಸಬಹುದು ಅನ್ನೋ ಸಾಲು ಅದರಲ್ಲಿ ಸಾಮಾನ್ಯ. ಹೀಗಾಗಿ ಎಷ್ಟೋ ಸಲ ಆರೋಪ ಸಾಬೀತು ಮಾಡೋ ಗೋಜಿಗೇ ಕಂಪನಿ ಹೋಗಲ್ಲ. ಲ್ಯಾಪ್‌ಟಾಪ್ ವಾಪಸ್, ಐಡಿ ಬಂದ್. ಫ್ಯಾಕ್ಟರಿ ಕಾರ್ಮಿಕರಿಗೆ 1946ರ ಸ್ಥಾಯೀ ಆದೇಶಗಳ ಕಾಯ್ದೆ ಆರೋಪ ಪಟ್ಟಿ, ವಿಚಾರಣೆ ಎಲ್ಲ ಕೊಟ್ಟಿತ್ತು. ಆದರೆ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಆ ಕಾಯ್ದೆಯಿಂದ ವರ್ಷಗಟ್ಟಲೆ ವಿನಾಯಿತಿ ಕೊಡ್ತಾ ಬಂತು. ಬದಲಿಗೆ ಹಾಕಿದ ಷರತ್ತುಗಳಲ್ಲಿ ದೂರು ಪರಿಹಾರ ಸಮಿತಿ ಇರಬೇಕು ಅನ್ನೋದು ಒಂದು. ಅಮಾನತು, ವಜಾ ಮಾಡಿದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಅನ್ನೋದು ಇನ್ನೊಂದು.

ಸರ್ಕಾರಿ ವ್ಯವಸ್ಥೆಯೇ ಚಿನ್ನ ಅಂತ ನಾವು ಹೇಳ್ತಿಲ್ಲ. ಚಿನ್ನದ ಊರಿನದೇ ಒಂದು ಕೇಸ್ ನೋಡಿ. ಕೆಜಿಎಫ್‌ನಲ್ಲಿದ್ದ ಭಾರತ್ ಗೋಲ್ಡ್ ಮೈನ್ಸ್ ಸರ್ಕಾರಿ ಸ್ವಾಮ್ಯದ ಕಂಪನಿ. 1985ರಲ್ಲಿ ಅಲ್ಲಿನ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನ ಸಿಕ್ಕಿತು ಅಂತ ಕೇಸ್ ಹಾಕಿ ಅಮಾನತು ಮಾಡಿದರು. ಅಮಾನತಿನಲ್ಲಿ ಇರೋವರಿಗೆ ಸಂಬಳದ ಬದಲು ಜೀವನಾಧಾರ ಭತ್ಯೆ ಕೊಡಬೇಕು. ಇವರಿಗೆ ಅದನ್ನೇ ಕೊಡಲಿಲ್ಲ. ಕೇರಳದ ತಮ್ಮೂರಿಂದ ವಿಚಾರಣೆಗೆ ಬರೋಕೆ ದುಡ್ಡಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮರುವರ್ಷವೇ ಕ್ರಿಮಿನಲ್ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ಆದರೂ ಸುಪ್ರೀಂ ಕೋರ್ಟಿನಲ್ಲಿ ನ್ಯಾಯ ಸಿಕ್ಕಿದ್ದು 1999ರಲ್ಲಿ. ಭತ್ಯೆ ಕೊಡದೆ ನಡೆಸಿದ ಆ ವಿಚಾರಣೆ ನಿಲ್ಲಲ್ಲ ಅಂತ ಕೋರ್ಟ್ ಹೇಳಿತು.

ಅಂದ್ರೆ ಒಂದು ಕಡೆ ಕೇಳೋ ಪದ್ಧತಿ ಇದೆ, ಆದರೆ ಹದಿನಾಲ್ಕು ವರ್ಷ ತಗೊಳ್ಳಬಹುದು. ಇನ್ನೊಂದು ಕಡೆ ಒಂದೇ ಮಧ್ಯಾಹ್ನ ಸಾಕು, ಆದರೆ ಕೇಳೋರೇ ಇಲ್ಲ. ಕೋರ್ಟಿಗೆ ಹೋದರೂ ಫಲ ಬೇರೆ ಬೇರೆ. ಕ್ರಮ ತಪ್ಪಿದ್ದರೆ ಸರ್ಕಾರಿ ನೌಕರರಿಗೆ ಕೆಲಸವೇ ವಾಪಸ್ ಸಿಗಬಹುದು. ಖಾಸಗಿಯಲ್ಲಿ ಕಾನೂನಿನ ಕಣ್ಣಿಗೆ 'ಕಾರ್ಮಿಕ' ಅಲ್ಲದವರಿಗೆ ಸಾಮಾನ್ಯವಾಗಿ ಪರಿಹಾರದ ಹಣ ಮಾತ್ರ.

ಕಂಪನಿಗಳಿಗೆ ಸರ್ಕಾರದ ಇಡೀ ಫೈಲ್ ಪದ್ಧತಿ ಬೇಡ. ಅದರ ಮೊದಲ ಎರಡು ಹೆಜ್ಜೆ ಸಾಕು ಅಂತ ನಮ್ಮ ಅಭಿಪ್ರಾಯ: ಆರೋಪವನ್ನು ಬರೆದು ಕೊಡಿ, ಉತ್ತರ ಕೊಡೋಕೆ ದಿನ ಕೊಡಿ. ಇದಕ್ಕೆ ಒಂದೆರಡು ವಾರ ಹಿಡಿಯಬಹುದು, ಅಷ್ಟೆ. ಕಂಪನಿಗೆ ಅದು ದೊಡ್ಡ ಹೊರೆಯಲ್ಲ. ಕಳ್ಳ ಅನ್ನಿಸಿಕೊಂಡು ಹೊರಗೆ ಬರೋ ಇಪ್ಪತ್ಮೂರರ ಹುಡುಗನಿಗೆ ಮುಂದಿನ ಕೆಲಸವೇ ಅದರ ಮೇಲೆ ನಿಂತಿರುತ್ತೆ.

ಪ್ಲೇಸ್‌ಮೆಂಟ್ ಸೀಸನ್ ಬಂದಾಗ ನಾವೆಲ್ಲ ಮೊದಲು ನೋಡೋದು ಸಿಟಿಸಿ. ಈ ಸಲ ಆಫರ್ ಲೆಟರಿನ ಕೊನೆ ಪುಟಗಳಿಗೂ ಹೋಗಿ, ಕೆಲಸದಿಂದ ತೆಗೆಯೋ ಷರತ್ತನ್ನು ಓದಿ. ತೆಗೆಯೋ ಮುಂಚೆ ನಿಮ್ಮನ್ನ ಕೇಳ್ತೀವಿ ಅಂತ ಅಲ್ಲಿ ಎಲ್ಲಾದರೂ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಸಹಿ ಹಾಕೋ ಮುಂಚೆ ಎಚ್ಆರ್ ಹತ್ರ ಕೇಳಿ.