ಹತ್ತು ಜನರ ಕೋಣೆಯಲ್ಲಿ ಇಬ್ಬರ ಮಾತು

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ರಸ್ತೆಗೆ ಹೊಂದಿಕೊಂಡ ಊರುಗಳು. ಸುತ್ತಲಿನ ಹಳ್ಳಿಗಳಿಂದ ಪಿಯುಸಿ, ಡಿಗ್ರಿ, ಐಟಿಐ ಓದಲು ಬರುವ ಮಕ್ಕಳು ಸಮಾಜ ಕಲ್ಯಾಣ ಇಲಾಖೆಯದೋ ಹಿಂದುಳಿದ ವರ್ಗಗಳ ಇಲಾಖೆಯದೋ ಹಾಸ್ಟೆಲಿಗೆ ಅರ್ಜಿ ಹಾಕುತ್ತಾರೆ. ಸೀಟು ಸಿಗದಿದ್ದರೆ ನಾಲ್ಕೈದು ಜನ ಕೂಡಿ ರೂಮು ಹಿಡಿಯುತ್ತಾರೆ. ಹುಡುಗಿಯ ಕೈಗೆ ಮೊದಲ ಸಲ ಸ್ವಂತ ಮೊಬೈಲು ಬರುವುದೂ ಹೆಚ್ಚಾಗಿ ಆಗಲೇ. ಬಸ್ ಸಿಗದಿದ್ದರೆ ಮನೆಗೆ ತಿಳಿಸಬೇಕಲ್ಲ ಎಂದು ಅಪ್ಪನೋ ಅಣ್ಣನೋ ಕೊಡಿಸಿರುತ್ತಾರೆ. ಪ್ರೀತಿ ಶುರುವಾಗುವುದೂ ಅದೇ ಮೊಬೈಲಿನಲ್ಲಿ.

‘ಮೊಬೈಲು ಬಂದು ಹುಡುಗರು ಕೆಟ್ಟರು’ ಎನ್ನುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಹಾಸ್ಟೆಲಿನಲ್ಲಿ ಮೊಬೈಲು ಯಾರಿಗೂ ಪೂರ್ತಿ ಖಾಸಗಿಯಲ್ಲ. ಅಲ್ಲಿ ಇಬ್ಬರ ಮಾತಿಗೆ ಹತ್ತು ಜನರ ಕಿವಿ ಇರುತ್ತದೆ. ಈ ಎಳೆಯ ಪ್ರೇಮಗಳಲ್ಲಿ ಕೆಡುಕಾಗುವುದು ಪ್ರೀತಿಯಿಂದಲ್ಲ, ಅದನ್ನು ಮುಚ್ಚಿಡಲು ಮಾಡುವ ಉಪಾಯಗಳಿಂದ ಎಂಬುದು ನನ್ನ ವಾದ.

ಒಂದು ದಿನಚರಿಯನ್ನೇ ನೋಡೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಅನೇಕರದನ್ನು ಕೂಡಿಸಿ ಕಟ್ಟಿದ್ದು. ಮಸ್ಕಿ ಕಡೆಯ ಹಳ್ಳಿಯ ಹುಡುಗಿ ಸಿಂಧನೂರಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಹುಡುಗ ಲಿಂಗಸುಗೂರಿನಲ್ಲಿ ಮೂವರು ಗೆಳೆಯರ ಜೊತೆ ರೂಮು ಮಾಡಿಕೊಂಡು ಐಟಿಐ ಓದುತ್ತಿದ್ದಾನೆ. ಸಂಜೆ ಹಾಜರಿ, ಆಮೇಲೆ ಓದಿನ ಹೊತ್ತು, ಎಂಟರ ಸುಮಾರಿಗೆ ಊಟ. ತಟ್ಟೆ ತೊಳೆದಿಟ್ಟ ಮೇಲೆ ಸಿಗುವ ಅರ್ಧ ಗಂಟೆಯೇ ಅವಳ ಪಾಲಿನ ಹೊತ್ತು. ಆದರೆ ಆ ಅರ್ಧ ಗಂಟೆ ಎಲ್ಲರದೂ ಹೌದು. ವರಾಂಡದಲ್ಲಿ ಒಬ್ಬಳು ಅವ್ವನ ಜೊತೆ ಮಾತಾಡುತ್ತಿರುತ್ತಾಳೆ, ಮೆಟ್ಟಿಲ ಮೇಲೆ ಇನ್ನೊಬ್ಬಳು ಕುಳಿತಿರುತ್ತಾಳೆ, ಮಾಳಿಗೆಗೆ ಬೀಗ. ಕೋಣೆಯೊಳಗೆ ಫ್ಯಾನಿನ ಸದ್ದು ಬಿಟ್ಟರೆ ಮಾತು ಮುಚ್ಚುವಂಥದ್ದು ಏನೂ ಇಲ್ಲ. ‘ಯಾರ ಜೋಡಿ ಮಾತಾಡಾಕತ್ತೀಯವ್ವಾ?’ ಎಂದು ಒಬ್ಬಳು ನಗುತ್ತ ಕೇಳಿದರೂ ಸಾಕು, ಕಾಲ್ ಕಟ್ಟಾಗುತ್ತದೆ.

ಹೀಗಾಗಿ ಮಾತು ಬಾಯಿಂದ ಬೆರಳಿಗೆ ಇಳಿಯುತ್ತದೆ. ಲೈಟು ಆರಿದ ಮೇಲೆ ಹೊದಿಕೆಯೊಳಗೆ ಟೈಪಿಂಗ್. ಒಂದು ರೂಪಾಯಿ ಕಾಯಿನ್ ಬಾಕ್ಸಿನ ಕಾಲದಲ್ಲಿ ನಾಣ್ಯ ಮುಗಿದರೆ ಮಾತೂ ಮುಗಿಯುತ್ತಿತ್ತು. 2016ರಲ್ಲಿ ಜಿಯೊ ಬಂದ ಮೇಲೆ ಮಾತಿಗೆ ಆ ಕಡಿವಾಣವೂ ಇಲ್ಲ. ಒಬ್ಬರನ್ನೊಬ್ಬರು ಸರಿಯಾಗಿ ತಿಳಿಯದ ಹೊತ್ತಿನಲ್ಲಿ ಬರೀ ಅಕ್ಷರ ಮೋಸ ಮಾಡುತ್ತದೆ. ಎರಡು ನೀಲಿ ಗೆರೆ ಬಿದ್ದೂ ಉತ್ತರ ಬರಲಿಲ್ಲವೆಂದರೆ ಅವನಿಗೆ ಅದು ಬೇಸರ, ಆಮೇಲೆ ಅನುಮಾನ. ಅವಳಿಗೆ ಅದು ಪಕ್ಕದ ಹಾಸಿಗೆಯವಳು ಹೊರಳಿ ಮಲಗಿದ್ದು, ಅಷ್ಟೆ. ‘ಯಾಕ ಫೋನ್ ಎತ್ತವಲ್ಲಿ?’ ಎಂಬ ಪ್ರಶ್ನೆ ಇಲ್ಲಿ ಹುಟ್ಟಿ, ಕೆಲವೇ ದಿನಗಳಲ್ಲಿ ‘ವಿಡಿಯೊ ಕಾಲ್ ಮಾಡು, ಎಲ್ಲಿದ್ದಿ ತೋರಿಸು’ ಎಂಬ ಹುಕುಮಾಗಿ ಬೆಳೆಯುತ್ತದೆ.

ಆ ವಿಡಿಯೊ ಕಾಲನ್ನು ನಾವು ಪ್ರೇಮಿಗಳಿಬ್ಬರ ವಿಷಯ ಎಂದುಕೊಳ್ಳುತ್ತೇವೆ. ಹತ್ತು ಜನರ ಕೋಣೆಯಲ್ಲಿ ಅದು ಹಾಗಲ್ಲ. ಕ್ಯಾಮೆರಾ ಆನ್ ಆದೊಡನೆ ಹಿಂದೆ ತಲೆ ಬಾಚಿಕೊಳ್ಳುತ್ತಿರುವವಳು, ನೈಟಿಯಲ್ಲಿ ಮಲಗಿರುವವಳು, ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಎಲ್ಲವೂ ಲಿಂಗಸುಗೂರಿನ ಆ ರೂಮಿಗೆ ಹೋಗುತ್ತವೆ. ಅವರನ್ನು ಯಾರೂ ಕೇಳಿರುವುದಿಲ್ಲ. ಆಚೆ ಒಬ್ಬನೇ ನೋಡುತ್ತಿದ್ದಾನೆ ಎಂಬ ಖಾತ್ರಿಯೂ ಇಲ್ಲ. ಹುಡುಗರ ರೂಮಿನಲ್ಲಿ ಸ್ಪೀಕರ್ ಹಾಕುವುದು, ಅವಳ ಮೆಸೇಜನ್ನು ಗಟ್ಟಿಯಾಗಿ ಓದುವುದು, ‘ಹಿಂಗ ಬರಿಲೆ’ ಎಂದು ಗೆಳೆಯ ಉತ್ತರ ಹೇಳಿಕೊಡುವುದು ತಮಾಷೆಯ ಲೆಕ್ಕದಲ್ಲಿ ನಡೆಯುತ್ತದೆ. ಇದನ್ನು ಪತ್ತೆ ಹಚ್ಚುವುದು ಹುಡುಗಿಗೆ ಕಷ್ಟವೇನಲ್ಲ. ಅವನ ಬರವಣಿಗೆಯ ಧಾಟಿ ಒಮ್ಮೆಲೇ ಬದಲಾಗುತ್ತದೆ, ಒಂದೇ ಸಾಲು ಬರೆಯುವವನು ಶಾಯರಿಗೆ ಇಳಿಯುತ್ತಾನೆ, ಕಾಲ್ ಮಾಡಿದರೆ ಹಿಂದೆ ತಡೆದ ನಗು ಕೇಳುತ್ತದೆ. ‘ಯಾರದಾರ ಅಲ್ಲಿ?’ ಎಂದು ನೇರವಾಗಿ ಕೇಳಬೇಕು. ಅದಕ್ಕೆ ಸಿಟ್ಟು ಮಾಡಿಕೊಳ್ಳುವವನನ್ನು ಅಲ್ಲಿಗೇ ನಿಲ್ಲಿಸುವುದು ವಾಸಿ. ಇದು ನನ್ನ ಅಭಿಪ್ರಾಯ, ಹುಡುಗರು ಒಪ್ಪಲಿಕ್ಕಿಲ್ಲ.

ಇನ್ನು ಮುಚ್ಚಿಡುವ ಉಪಾಯಗಳು. ಹುಡುಗನ ನಂಬರನ್ನು ಗೆಳತಿಯ ಹೆಸರಿನಲ್ಲಿ ಸೇವ್ ಮಾಡುವುದು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ ತೂತುಗಳು ಬೇರೆ ಇವೆ. ಕೋಣೆಗೆ ಒಂದೋ ಎರಡೋ ಪ್ಲಗ್ ಇರುವ ಕಡೆ ಚಾರ್ಜಿಗೆ ಇಟ್ಟ ಮೊಬೈಲು ಗಂಟೆಗಟ್ಟಲೆ ಒಡತಿಯ ಕೈಯಲ್ಲಿರುವುದಿಲ್ಲ. ಬಂದ ಮೆಸೇಜು ಲಾಕ್ ಆದ ಪರದೆಯ ಮೇಲೆಯೇ ಕಾಣಿಸುತ್ತದೆ, ಪಕ್ಕದಲ್ಲಿ ನಿಂತವರು ಓದುತ್ತಾರೆ. ಸೆಟ್ಟಿಂಗ್ಸಿನಲ್ಲಿ ಲಾಕ್ ಪರದೆಯ ಮೇಲೆ ಮೆಸೇಜಿನ ಒಳಗುಟ್ಟು ಕಾಣದಂತೆ ಮಾಡಬಹುದು, ಒಂದು ನಿಮಿಷದ ಕೆಲಸ. ಪಾಸ್‌ವರ್ಡ್ ಗೊತ್ತಿರುವ ಗೆಳತಿ, ಬಂಧು ಯಾರಾದರೂ ಆ ಮೊಬೈಲಿನ ವಾಟ್ಸ್‌ಆ್ಯಪನ್ನು ತಮ್ಮ ಮೊಬೈಲಿಗೋ ಕಂಪ್ಯೂಟರಿಗೋ ಜೋಡಿಸಿಕೊಂಡರೆ ಚಾಟೆಲ್ಲ ಅಲ್ಲಿಯೂ ಬರುತ್ತಿರುತ್ತದೆ. ವಾಟ್ಸ್‌ಆ್ಯಪಿನ Linked devices ತೆರೆದು ನೋಡಿದರೆ ಯಾವ ಸಾಧನ ಜೋಡಣೆಯಾಗಿದೆ ಎಂಬ ಪಟ್ಟಿ ಕಾಣುತ್ತದೆ. ಪರಿಚಯವಿಲ್ಲದ್ದು ಇದ್ದರೆ ಅಲ್ಲೇ ಲಾಗ್ ಔಟ್ ಮಾಡಬಹುದು.

ಇದಕ್ಕಿಂತ ದೊಡ್ಡ ತೂತು ಮನೆಯಲ್ಲೇ ಇರುತ್ತದೆ. ಮೊಬೈಲು ಕೊಡಿಸಿದ ಅಣ್ಣ ಅಂಗಡಿಯಲ್ಲಿ ನಿಂತು ತನ್ನದೇ ಜಿಮೇಲ್ ಹಾಕಿ ಅದನ್ನು ಶುರು ಮಾಡಿಕೊಟ್ಟಿರುತ್ತಾನೆ, ಒಳ್ಳೆಯ ಮನಸ್ಸಿನಿಂದಲೇ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದರೆ ತಂಗಿ ಹಾಸ್ಟೆಲಿನಲ್ಲಿ ತೆಗೆದುಕೊಂಡ ಸೆಲ್ಫಿ ಊರಿನಲ್ಲಿರುವ ಅಣ್ಣನ ಮೊಬೈಲಿನಲ್ಲೂ ಕಾಣಿಸಿಕೊಳ್ಳುತ್ತದೆ. ಹೊಸದಾಗಿ ಸೇವ್ ಮಾಡಿದ ನಂಬರೂ ಹಾಗೆಯೇ ಅತ್ತ ಹೋಗಬಹುದು. ‘ಮನೆಯಲ್ಲಿ ಹೆಂಗ ಗೊತ್ತಾತು, ಯಾರು ಚಾಡಿ ಹೇಳಿದ್ರು?’ ಎಂದು ರೂಮ್‌ಮೇಟುಗಳ ನಡುವೆ ಜಗಳವಾಗುತ್ತದೆ. ಚಾಡಿ ಹೇಳಿದ್ದು ಮೊಬೈಲೇ. ‘ಒಮ್ಮೆ ನೋಡಿ ಅಳಿಸಿಹೋಗುವ’ ಫೋಟೊವನ್ನು ನಂಬುವವರೂ ಇದ್ದಾರೆ. ವಾಟ್ಸ್‌ಆ್ಯಪು ಅದರ ಸ್ಕ್ರೀನ್‌ಶಾಟ್ ತಡೆಯುತ್ತದೆ ನಿಜ, ಆದರೆ ಪಕ್ಕದವನು ಇನ್ನೊಂದು ಮೊಬೈಲು ಹಿಡಿದು ಪರದೆಯ ಫೋಟೊ ತೆಗೆದರೆ ಅದಕ್ಕೆ ತಡೆಯಿಲ್ಲ. ಮೂವರು ಗೆಳೆಯರಿರುವ ರೂಮಿಗೆ ಫೋಟೊ ಕಳಿಸುವಾಗ ಇದು ನೆನಪಿರಬೇಕು.

ಮುಚ್ಚಿಟ್ಟಷ್ಟೂ ಬೆದರಿಸುವವನ ಬಲ ಹೆಚ್ಚುತ್ತದೆ. ‘ಮನೆಗೆ ಹೇಳ್ತೀನಿ, ವಾರ್ಡನ್‌ಗೆ ತೋರಿಸ್ತೀನಿ’ ಎಂಬ ಒಂದೇ ಮಾತು ಅವನ ಆಯುಧ. ಮುನಿದ ಹುಡುಗನೇ ಆಗಬೇಕೆಂದಿಲ್ಲ, ಚಾಟ್ ಓದಿದ ರೂಮ್‌ಮೇಟೂ ಆಗಬಹುದು, ಅವನ ಗೆಳೆಯನೂ ಆಗಬಹುದು. ಹೀಗಾದಾಗ ಹೆಚ್ಚಿನ ಹುಡುಗಿಯರು ಮೊದಲು ಮಾಡುವುದು ಚಾಟ್ ಅಳಿಸುವ ಕೆಲಸ. ಅದರೊಂದಿಗೆ ಸಾಕ್ಷಿಯೂ ಹೋಗುತ್ತದೆ. ಬೆದರಿಕೆಯ ಮೆಸೇಜು, ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಬೇಕು. ಮಹಿಳೆಯರು ಮತ್ತು ಮಕ್ಕಳ ಮೇಲಿನ ಇಂಥ ಅಪರಾಧಗಳ ಬಗ್ಗೆ cybercrime.gov.in ತಾಣದಲ್ಲಿ ಹೆಸರು ಹೇಳದೆಯೂ ದೂರು ಕೊಡಲು ಅವಕಾಶವಿದೆ.

ಪಿಯುಸಿ ಹಾಸ್ಟೆಲಿನ ಮಾತು ಇನ್ನೂ ಸೂಕ್ಷ್ಮ. ಅಲ್ಲಿ ಬಹುತೇಕರು ಹದಿನೆಂಟು ದಾಟಿರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಮುಂದೆ ‘ಅವಳೂ ಒಪ್ಪಿದ್ದಳು’ ಎಂಬ ಮಾತು ನಿಲ್ಲುವುದಿಲ್ಲ. 16 ದಾಟಿದ ಹುಡುಗಿಯರು ಪ್ರೀತಿಸಿ ಹೊರಟುಹೋಗುವ ಪ್ರಕರಣಗಳನ್ನು ನೋಡಿ ನೋಡಿ, ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ವಯಸ್ಸಿನ ಮಿತಿಯ ಬಗ್ಗೆ ಯೋಚಿಸುವಂತೆ ಕಾನೂನು ಆಯೋಗಕ್ಕೆ ಹೇಳಿತ್ತು. ಮರುವರ್ಷ ಆಯೋಗ ಮಿತಿಯನ್ನು ಇಳಿಸುವುದು ಬೇಡ ಎಂದಿತು. ಹುಡುಗರಿಗೆ ಇದನ್ನು ಯಾವ ಹಾಸ್ಟೆಲಿನಲ್ಲೂ ಯಾರೂ ಕುಳಿತು ಹೇಳಿದ್ದನ್ನು ನಾನು ಕೇಳಿಲ್ಲ.

ಹಾಗಾದರೆ ಮೊಬೈಲು ಕಸಿದುಕೊಳ್ಳುವುದೇ ದಾರಿಯೇ? ಕೇರಳದ ಒಂದು ಪ್ರಕರಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೋಯಿಕ್ಕೋಡ್ ಬಳಿಯ ಚೇಳನ್ನೂರಿನ ಕಾಲೇಜು ಹಾಸ್ಟೆಲಿನಲ್ಲಿ ಮೊದಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಆಮೇಲೆ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲು ನಿಷೇಧಿಸಿದ್ದರು. ಫಹೀಮಾ ಶಿರಿನ್ ಎಂಬ ಬಿಎ ವಿದ್ಯಾರ್ಥಿನಿ ಒಪ್ಪಲಿಲ್ಲ, ಹಾಸ್ಟೆಲ್ ಬಿಡು ಎಂದರು, ಅವಳು ಹೈಕೋರ್ಟಿಗೆ ಹೋದಳು. 2019ರ ಸೆಪ್ಟೆಂಬರ್ 19ರಂದು ತೀರ್ಪು ಅವಳ ಪರವಾಗಿ ಬಂತು. ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದಿತು ನ್ಯಾಯಾಲಯ. ಆ ಖಾಸಗಿತನದ ಹಕ್ಕನ್ನು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಿಂದ ಗಟ್ಟಿಮಾಡಿಸಿಕೊಂಡವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಕೇರಳದ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಮೊಬೈಲು ಬಳಸುವಾಗ ಹಾಸ್ಟೆಲಿನ ಉಳಿದವರಿಗೆ ತೊಂದರೆಯಾಗಬಾರದು. ಒಂದು ಕೋಣೆಯಲ್ಲಿ ಹತ್ತು ಟ್ರಂಕು ಇರುವ ನಮ್ಮ ಹಾಸ್ಟೆಲುಗಳಿಗೆ ಈ ಎರಡನೇ ಮಾತು ಮೊದಲನೆಯದರಷ್ಟೇ ಮುಖ್ಯ.

ಅಂದರೆ ನಿಯಮ ಬೇಕು, ಆದರೆ ಅದು ಜಾಗದ ಬಗ್ಗೆ ಇರಬೇಕು. ಮಲಗುವ ಕೋಣೆಯಲ್ಲಿ ಯಾರೂ, ಅವ್ವ–ಅಪ್ಪನಿಗೂ ಸಹ, ವಿಡಿಯೊ ಕಾಲ್ ಮಾಡಬಾರದು ಎಂದು ಬರೆದು ಹಾಕಲಿ. ಅದರ ಬದಲಿಗೆ ಊಟದ ಹಾಲಿನ ಒಂದು ಮೂಲೆಯನ್ನೋ ಮಾಳಿಗೆಯನ್ನೋ ರಾತ್ರಿ ಒಂಬತ್ತೂವರೆಯ ತನಕ ಮಾತಾಡಲು ಬಿಡಲಿ. ಯಾರ ಜೊತೆ ಮಾತು ಎಂದು ಕೇಳುವ ಅಗತ್ಯವಿಲ್ಲ. ನಾಲ್ಕು ಜನ ಕಾಣುವಂತೆ, ಆದರೆ ಕೇಳದಂತೆ ಮಾತಾಡಲು ಜಾಗ ಸಿಕ್ಕರೆ ಹೊದಿಕೆಯೊಳಗಿನ ನಡುರಾತ್ರಿಯ ಚಾಟು ತಾನಾಗಿ ಕಡಿಮೆಯಾಗುತ್ತದೆ ಎಂಬುದು ನನ್ನ ಅಂದಾಜು. ಪ್ರತಿ ಮಂಚದ ಪಕ್ಕ ಒಂದು ಪ್ಲಗ್ ಹಾಕಿಸುವುದು ದೊಡ್ಡ ಖರ್ಚಲ್ಲ. ಪಂಪ್‌ಸೆಟ್ಟಿಗೆ ವೈರು ಎಳೆಯುವ ಹುಡುಗರೇ ಸಿಂಧನೂರಿನಲ್ಲಿ ಎರಡು ದಿನದಲ್ಲಿ ಮುಗಿಸಿಕೊಡುತ್ತಾರೆ.

ಮಾಳಿಗೆಯ ಬೀಗದ ವಿಷಯದಲ್ಲಿ ವಾರ್ಡನ್‌ಗಳನ್ನು ದೂರುವುದು ಸುಲಭ. ಅವರ ಕಷ್ಟ ಬೇರೆಯೇ ಇದೆ. ಒಬ್ಬ ಹುಡುಗಿ ಯಾರ ಜೊತೆಗಾದರೂ ಹೊರಟುಹೋದರೆ ಪಾಲಕರು ಮೊದಲು ಬಂದು ನಿಲ್ಲುವುದು ಅವರ ಬಾಗಿಲಿಗೆ, ನೋಟಿಸು ಬರುವುದೂ ಅವರ ಹೆಸರಿಗೆ. ಬಾಯಿಮಾತಿನ ಮೇಲೆ ಬೀಗ ತೆಗೆಯುವ ಧೈರ್ಯ ಯಾವ ಮೇಡಂಗೂ ಬರುವುದಿಲ್ಲ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಮಾಳಿಗೆ ತೆರೆದಿರಲಿ, ಅಲ್ಲಿ ಆಡಿದ ಮಾತಿಗೆ ವಾರ್ಡನ್ ಹೊಣೆಯಲ್ಲ ಎಂದು ಇಲಾಖೆಯ ಜಿಲ್ಲಾ ಅಧಿಕಾರಿ ಸಹಿ ಹಾಕಿದ ಒಂದು ಸುತ್ತೋಲೆ ಬೇಕು. ಅದು ರಾಯಚೂರಿನ ಕಚೇರಿಯಿಂದ ಹೊರಡಬೇಕಾದ ಒಂದು ಹಾಳೆಯ ಕೆಲಸ.