ಮೇವಿನ ಡ್ರಿಪ್‌ಗೆ ಮೊದಲು ಮಣ್ಣು ಅಗೆದು ನೋಡಿ

ಸಹೋದರಿಯರೇ, ನೇಪಿಯರ್ ಹುಲ್ಲಿಗೆ ಡ್ರಿಪ್ ಹಾಕಿಸುವಾಗ ಅಂಗಡಿಯಲ್ಲಿ ಸಿಕ್ಕ ಪೈಪನ್ನೇ ತರಬೇಡಿ. ಮೊದಲು ಹೊಲದಲ್ಲಿ ಗಂಟೆಗೆ 4 ಲೀಟರ್ ಬಿಡುವ ಒಂದು ಡ್ರಿಪ್ಪರನ್ನು ಎರಡು ಗಂಟೆ ಬಿಡಿ. ಮರುದಿನ ಅಡ್ಡಲಾಗಿ ಅಗೆದು, ಗೇಣು ಆಳದಲ್ಲಿ ಒದ್ದೆ ಎಷ್ಟು ಅಗಲವಿದೆ ಅಳೆಯಿರಿ. ಮೇಲಿನ ಕಲೆ ನಂಬಬೇಡಿ, ಅದು ಮೋಸ ಮಾಡುತ್ತದೆ.

ಮರಳು ಮಣ್ಣಿನಲ್ಲಿ ನೀರು ನೇರ ಕೆಳಗಿಳಿಯುತ್ತದೆ. ಒದ್ದೆ 40 ಸೆಂ.ಮೀ. ಇದ್ದರೆ 30 ಸೆಂ.ಮೀ.ಗೊಂದು ಡ್ರಿಪ್ಪರ್, ಸಾಲಿಗೊಂದು ಪೈಪು ಬೇಕು. ಎರೆಮಣ್ಣಿನಲ್ಲಿ ಪಕ್ಕಕ್ಕೆ ಹರಡಿ 75 ಆದರೆ 60ಕ್ಕೊಂದು ಸಾಕು, 60 ಸೆಂ.ಮೀ. ಅಂತರದ ಎರಡು ಸಾಲಿನ ನಡುವೆ ಒಂದೇ ಪೈಪು ನಡೆಯುತ್ತದೆ. ಇದನ್ನೇ ಮರಳಿನಲ್ಲಿ ಮಾಡಿದರೆ ಎರಡೂ ಸಾಲು ಒಣಗುತ್ತವೆ. ಎರೆಯಲ್ಲಿ ನೀರು ನಿಂತು ಹರಿದರೆ 2 ಲೀಟರಿನ ಡ್ರಿಪ್ಪರ್ ಹಾಕಿಸಿ.