ಜರ್ನಲ್ ಹೇಳಿದ್ದು 119 ದಿನ, ನಮ್ಮ ನೋಟ್‌ಬುಕ್ ಹೇಳಿದ್ದು 434



ತಾಲ್ಲೂಕು ಕಚೇರಿಗೆ ಅರ್ಜಿ ಕೊಡೋಕೆ ಹೋಗುವ ಹುಡುಗರಿಗೆ ನಾವು ಮೊದಲು ಹೇಳಿಕೊಡೋದು ಒಂದೇ ಮಾತು. ಎರಡು ಪ್ರತಿ ತಗೊಂಡು ಹೋಗು, ಎರಡನೇದಕ್ಕೆ ಸೀಲು, ತಾರೀಕು ಹಾಕಿಸ್ಕೊಂಡು ಬಾ. ಸೀಲಿಲ್ಲದ ಅರ್ಜಿ ಕೊಟ್ಟಿದ್ದೂ ಒಂದೇ, ಕೊಡದೇ ಇದ್ದಿದ್ದೂ ಒಂದೇ. ಇದೇ ಬುದ್ಧಿ ಸಂಶೋಧನಾ ಲೇಖನಕ್ಕೂ ಬೇಕು ಅಂತ ನನಗೆ ಗೊತ್ತಾಗಿದ್ದು ತಡವಾಗಿ. ಪಿಎಚ್‌ಡಿ ಮಾಡ್ತಿರೋ ನಮ್ಮ ಮಕ್ಕಳೆಲ್ಲ ಇದನ್ನು ಓದಲಿ ಅಂತ ಉದ್ದಕ್ಕೇ ಬರೀತಿದ್ದೀನಿ.

ನಮ್ಮ ಬಳಗದ ಒಬ್ಬ ಹುಡುಗಿ ಪಿಎಚ್‌ಡಿ ಮಾಡ್ತಿದ್ದಾಳೆ. ಅವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ದಲಿತ ಕೇರಿಗಳ ಸ್ಮಶಾನದ ಜಾಗ ಪಹಣಿಯಲ್ಲಿ ಯಾರ ಹೆಸರಲ್ಲಿದೆ, ನೆಲದ ಮೇಲೆ ಯಾರ ಕೈಲಿದೆ ಅನ್ನೋದು ಅವಳ ವಿಷಯ. ದಾಖಲೆ ಹುಡುಕೋದರಲ್ಲಿ ನಾನೂ ಜೊತೆಗಿದ್ದೆ. ಲೇಖನ ಒಂದು ಇಂಗ್ಲಿಷ್ ಜರ್ನಲ್‌ಗೆ ಹೋಯ್ತು. ಹೆಸರು ಹೇಳಲ್ಲ, ಯಾಕಂದ್ರೆ ಇದು ಒಂದು ಜರ್ನಲ್‌ನ ಕಥೆ ಅಲ್ಲ. ಕಳಿಸಿದ ದಿನವೇ ಒಂದು ನೋಟ್‌ಬುಕ್ ಕೊಟ್ಟು, "ಏನೇ ಆದರೂ ತಾರೀಕು ಹಾಕಿ ಬರಿ ತಂಗಿ" ಅಂದಿದ್ದೆ. ಆ ನೋಟ್‌ಬುಕ್ಕಿನಲ್ಲಿ ಇರೋದು ಇಷ್ಟು:

12 ಜೂನ್ 2023: ಲೇಖನ ಸಲ್ಲಿಕೆ. ಮೇಲ್‌ನಲ್ಲಿ ಹಸ್ತಪ್ರತಿ ಸಂಖ್ಯೆ ಬಂತು.
19 ಜೂನ್: ವಾಪಸ್. ಕೊನೆಯ ಕೃತಜ್ಞತೆಯಲ್ಲಿ ಹೆಸರುಗಳಿವೆ, ತೆಗೀರಿ ಅಂತ.
21 ಜೂನ್: ಸರಿ ಮಾಡಿ ಕಳಿಸಿದ್ದು.
3 ಜುಲೈ: ತೆರೆಯ ಮೇಲೆ With Editor.
28 ಆಗಸ್ಟ್: Under Review.
9 ಅಕ್ಟೋಬರ್, 2 ನವೆಂಬರ್: ಅದೇ Under Review, ಪಕ್ಕದ ತಾರೀಕು ಮಾತ್ರ ಬದಲು.
11 ಡಿಸೆಂಬರ್: ನಾವು ವಿಚಾರಿಸಿ ಮೇಲ್ ಹಾಕಿದ್ದು.
6 ಫೆಬ್ರವರಿ 2024: ತೀರ್ಮಾನ.
22 ಏಪ್ರಿಲ್: ತಿದ್ದಿ ಮರುಸಲ್ಲಿಕೆ.
15 ಜುಲೈ: ಸಣ್ಣ ತಿದ್ದುಪಡಿ ಕೇಳಿದ್ರು.
29 ಜುಲೈ: ತಿದ್ದಿ ಕಳಿಸಿದ್ದು.
19 ಆಗಸ್ಟ್ 2024: ಒಪ್ಪಿಗೆ.

ಈ ಪಟ್ಟಿಯಲ್ಲಿ ಎರಡು ಜಾಗದಲ್ಲಿ ನಾವು ಎಡವಿದ್ವಿ.

ಮೊದಲನೇದು ಅಕ್ಟೋಬರ್‌ನಲ್ಲಿ. ತಾರೀಕು ಬದಲಾಗಿದ್ದು ನೋಡಿ ಅವಳು ಫೋನ್ ಮಾಡಿ, "ಅಣ್ಣ, ರಿವ್ಯೂ ಬಂತು ಅನ್ಸುತ್ತೆ" ಅಂತ ಕುಣಿದಾಡಿದ್ಲು. ಬಂದಿರಲಿಲ್ಲ. Under Review ಅಂದ್ರೆ ಸಾಮಾನ್ಯವಾಗಿ ರಿವ್ಯೂವರ್‌ಗಳ ಹಂತಕ್ಕೆ ಬಂದಿದೆ ಅಂತ ಮಾತ್ರ ಅರ್ಥ. ಯಾರೋ ಕೂತು ಓದ್ತಿದ್ದಾರೆ ಅನ್ನೋ ಖಾತ್ರಿ ಅದರಲ್ಲಿಲ್ಲ. ಒಬ್ಬರು ಒಪ್ಪಿಕೊಂಡರೂ ತಾರೀಕು ಬದಲಾಗಬಹುದು, ಒಬ್ಬರು ಕೈಬಿಟ್ಟರೂ ಬದಲಾಗಬಹುದು. ಹಾಗಾಗಿ ಪಕ್ಕದ ತಾರೀಕನ್ನ ಬರೆದಿಟ್ಕೊಳ್ಳಿ, ಆದರೆ ಅದರ ಮೇಲೆ ಆಸೆ ಕಟ್ಟಬೇಡಿ. ರಿವ್ಯೂಗೆ ಹೋಗಿ ಹದಿನೈದು ವಾರ ಆದಮೇಲೆ ನಾವು ನಾಲ್ಕು ಸಾಲಿನ ಮೇಲ್ ಹಾಕಿದ್ವಿ. ಹಸ್ತಪ್ರತಿ ಸಂಖ್ಯೆ, ಕಳಿಸಿದ ದಿನ, ಈಗ ಕಾಣ್ತಿರೋ ಸ್ಥಿತಿ, ಎಷ್ಟು ದಿನ ಆಗಬಹುದು ಅನ್ನೋ ಪ್ರಶ್ನೆ, ಅಷ್ಟೇ. ಮೂರೇ ದಿನಕ್ಕೆ ಉತ್ತರ ಬಂತು. ಒಂದು ವರದಿ ಬಂದಿದೆ, ಎರಡನೇ ರಿವ್ಯೂವರ್ ಕೈಬಿಟ್ಟಿದ್ದಾರೆ, ಇನ್ನೊಬ್ಬರನ್ನ ಹುಡುಕ್ತಿದ್ದೀವಿ ಅಂತ. ಕೇಳಿದರೆ ಎಲ್ಲಿ ಕೋಪ ಮಾಡ್ಕೋತಾರೋ ಅಂತ ಅವಳು ಎರಡು ತಿಂಗಳು ಹೆದರಿದ್ಲು. ಆ ಹೆದರಿಕೆ ನಮ್ಮ ಮಕ್ಕಳಿಗೆ ಎಲ್ಲಿಂದ ಬರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಎರಡನೇದು ದೊಡ್ಡದು. ಫೆಬ್ರವರಿ 6ರ ಪತ್ರವನ್ನ ಅವಳು "ತಿದ್ದುಪಡಿ ಕೇಳಿದ್ದಾರೆ" ಅಂತ ಓದಿಕೊಂಡ್ಲು. ನಾನೂ ಹಾಗೇ ಓದಿದೆ. ಆದರೆ ಪತ್ರದಲ್ಲಿದ್ದದ್ದು ಬೇರೆ: ಈಗಿನ ರೂಪದಲ್ಲಿ ಒಪ್ಪೋಕಾಗಲ್ಲ, ಬೇಕಿದ್ದರೆ ಪೂರ್ತಿ ತಿದ್ದಿ ಹೊಸ ಸಲ್ಲಿಕೆಯಾಗಿ ಕಳಿಸಬಹುದು. ಕೇಳೋಕೆ ಎರಡೂ ಒಂದೇ ಥರ. ಲೆಕ್ಕದಲ್ಲಿ ಒಂದೇ ಅಲ್ಲ. ತಿದ್ದುಪಡಿ ಅಂದ್ರೆ ಅದೇ ಕಡತ ಮುಂದುವರಿಯುತ್ತೆ, ಹಳೆಯ ಸಂಖ್ಯೆಯೇ ಉಳಿಯುತ್ತೆ. ಹೊಸ ಸಲ್ಲಿಕೆ ಅಂದ್ರೆ ಹಳೆಯ ಕಡತ ತಿರಸ್ಕೃತ ಅಂತ ಮುಚ್ಚಿಹೋಗುತ್ತೆ, ಹೊಸ ಸಂಖ್ಯೆ ಬೀಳುತ್ತೆ. ತಿದ್ದುಪಡಿಗೆ ಕೊಟ್ಟ ಗಡುವು ದಾಟಿ ಕಳಿಸಿದರೂ ಎಷ್ಟೋ ಜರ್ನಲ್‌ಗಳು ಹೀಗೇ ಹೊಸದು ಅಂತ ತಗೋತಾವೆ.

ಅಚ್ಚಾದ ಲೇಖನದ ಮೊದಲ ಪುಟದಲ್ಲಿ ಮೂರು ತಾರೀಕು ಇವೆ. ಸ್ವೀಕರಿಸಿದ್ದು 22 ಏಪ್ರಿಲ್ 2024, ತಿದ್ದಿದ್ದು 29 ಜುಲೈ, ಒಪ್ಪಿದ್ದು 19 ಆಗಸ್ಟ್. ಎಣಿಸಿದರೆ 119 ದಿನ. ನಮ್ಮ ನೋಟ್‌ಬುಕ್ ಪ್ರಕಾರ 12 ಜೂನ್ 2023ರಿಂದ 434 ದಿನ. ಆ 434ರಲ್ಲಿ ಲೇಖನ ನಮ್ಮ ಕೈಲಿದ್ದದ್ದು 92 ದಿನ: ಹೆಸರು ತೆಗೆಯೋಕೆ 2, ದೊಡ್ಡ ತಿದ್ದುಪಡಿಗೆ 76, ಸಣ್ಣದಕ್ಕೆ 14. ಮಿಕ್ಕ 342 ದಿನ ಅವರ ಕೈಲಿತ್ತು. ಅಚ್ಚಾದ ಪುಟ ನೋಡಿದವರಿಗೆ ಇದು ಚಕಚಕ ಕೆಲಸ ಮಾಡೋ ಜರ್ನಲ್. 2023ನೇ ಇಸವಿ ಆ ಪುಟದಲ್ಲಿ ಇಲ್ಲವೇ ಇಲ್ಲ.

ಇದರಿಂದ ಏನಾಯ್ತು ಅಂತ ಕೇಳಿ. ಸೆಪ್ಟೆಂಬರ್‌ನಲ್ಲಿ ಅವಳು ನೋಂದಣಿ ಅವಧಿ ವಿಸ್ತರಣೆಗೆ ಅರ್ಜಿ ಹಾಕಿದ್ಲು. ಸಮಿತಿಯಲ್ಲಿ ಒಬ್ಬರು ಆ ಪುಟ ತಿರುವಿ, "ಪೇಪರ್ ಕಳಿಸಿದ್ದೇ ಈ ಏಪ್ರಿಲ್‌ನಲ್ಲಿ. ಅದಕ್ಕೂ ಮುಂಚೆ ಒಂದು ವರ್ಷ ಏನಮ್ಮ ಮಾಡ್ತಿದ್ದೆ?" ಅಂದ್ರಂತೆ. ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ. ಫೆಲೋಶಿಪ್ ತಿಂದ್ಕೊಂಡು ಸುಮ್ಮನಿದ್ಯಾ ಅಂತ. ನಾವೆಲ್ಲ ಕೇಳಿ ಕೇಳಿ ಬೆಳೆದದ್ದೇ ಅದು. ಅವಳು ಮಾತಾಡಲಿಲ್ಲ. ನೋಟ್‌ಬುಕ್ಕಿನ ಪ್ರತಿ, 12 ಜೂನ್ 2023ರ ಮೇಲ್, ಫೆಬ್ರವರಿಯ ಪತ್ರ, ಎರಡೂ ಹಸ್ತಪ್ರತಿ ಸಂಖ್ಯೆ ಮೇಜಿನ ಮೇಲಿಟ್ಲು. ವಿಸ್ತರಣೆ ಸಿಕ್ತು. ಆ ಕಾಗದಗಳು ಇಲ್ಲದಿದ್ದರೆ ಅವಳ ಮಾತಿಗೆ ಎದುರು ನಿಲ್ತಿದ್ದದ್ದು ಅಚ್ಚಾದ ತಾರೀಕು. ಯಾರನ್ನ ನಂಬ್ತಿದ್ರು ಅಂತ ನೀವೇ ಹೇಳಿ.

ಬಾಬಾಸಾಹೇಬರ ಉದಾಹರಣೆ ಇಲ್ಲಿ ನೆನಪಾಗುತ್ತೆ. ಅದು ಜರ್ನಲ್ ಲೇಖನ ಅಲ್ಲ, ಮಹಾಪ್ರಬಂಧ. 'ದ ಪ್ರಾಬ್ಲಮ್ ಆಫ್ ದ ರುಪೀ' ಲಂಡನ್ನಿನಲ್ಲಿ ಸಲ್ಲಿಕೆಯಾಯ್ತು. ಪರೀಕ್ಷಕರು ಒಪ್ಪದೆ ತಿದ್ದೋಕೆ ಹೇಳಿದ್ರು. 1923ರ ಆಗಸ್ಟ್‌ನಲ್ಲಿ ಮರುಸಲ್ಲಿಕೆ, ನವೆಂಬರ್‌ನಲ್ಲಿ ಒಪ್ಪಿಗೆ. ಈ ಹಂತಗಳೆಲ್ಲ ದಾಖಲೆಯಲ್ಲಿ ಉಳಿದಿರೋದರಿಂದ ನೂರು ವರ್ಷದ ಮೇಲೂ ನಾವು ಅದನ್ನ ಚರ್ಚೆ ಮಾಡಬಹುದು, ತಡೆದದ್ದು ಯಾಕೆ ಅಂತ ಕೇಳಬಹುದು. ಈಗಿನ ಜರ್ನಲ್ ಪದ್ಧತಿಯಲ್ಲಿ ಆಗಸ್ಟ್ 1923 "ಸ್ವೀಕರಿಸಿದ್ದು" ಅಂತಾಗಿ, ಮೊದಲ ಸಲ್ಲಿಕೆ, ತಿರಸ್ಕಾರ ಎರಡೂ ಮಾಯವಾಗ್ತಿದ್ವು.

ಇದೆಲ್ಲ ಜಾತಿಯಿಂದಲೇ ಆಯ್ತಾ ಅಂತ ಕೆಲವರು ಕೇಳ್ತಾರೆ. ಒಂದು ಲೇಖನದ ತಾರೀಕು ಇಟ್ಕೊಂಡು ಅದನ್ನ ಸಾಬೀತು ಮಾಡೋಕಾಗಲ್ಲ, ಮಾಡೋಕೆ ಹೋಗೋದೂ ಇಲ್ಲ. ರಿವ್ಯೂವರ್ ಸಿಗದೆ ಕಾಯೋದು ಎಲ್ಲರಿಗೂ ಇದೆ. ಆದರೆ ಕಾಯುವ ಖರ್ಚು ಎಲ್ಲರಿಗೂ ಒಂದೇ ಅಲ್ಲ. ಅಪ್ಪ ಪ್ರೊಫೆಸರ್ ಆಗಿರೋ ಹುಡುಗನಿಗೆ 342 ದಿನ ಅಂದ್ರೆ ಬೇಜಾರು. ಫೆಲೋಶಿಪ್ ದುಡ್ಡಲ್ಲಿ ಊರಿಗೂ ಕಳಿಸೋ ಹುಡುಗಿಗೆ ಅದು ಬಾಡಿಗೆ.

ರಿವ್ಯೂವರ್‌ಗಳ ವಿಷಯದಲ್ಲೂ ನ್ಯಾಯವಾಗಿ ಹೇಳಬೇಕು. ಮೊದಲನೆಯವರು, ಈ ಹಳ್ಳಿಗಳನ್ನೇ ಯಾಕೆ ಆರಿಸಿಕೊಂಡ್ರಿ ಅಂತ ಬರೆದಿಲ್ಲ ಅಂದ್ರು. ಅದು ನೂರಕ್ಕೆ ನೂರು ಸರಿ. 76 ದಿನದ ಬಹುಪಾಲು ಅದಕ್ಕೇ ಹೋಯ್ತು, ಲೇಖನ ಗಟ್ಟಿಯಾಯ್ತು. ಎರಡನೆಯವರು, ಲೇಖಕರು ಚಳವಳಿಗೆ ಹತ್ತಿರದವರಂತೆ ಕಾಣ್ತಾರೆ, ತಟಸ್ಥತೆ ಇಲ್ಲ ಅಂದ್ರು. ಅವಳಿಗೆ ಉರಿದುಹೋಯ್ತು. ಆದರೂ ಉತ್ತರವನ್ನ ಮೂರು ಅಂಕಣದಲ್ಲೇ ಕೊಟ್ವಿ: ಅವರ ಮಾತು, ನಮ್ಮ ಉತ್ತರ, ತಿದ್ದಿದ ಪುಟ ಮತ್ತು ಸಾಲು. ಪ್ರತಿ ಜಾಗವನ್ನ ಪಹಣಿಯಲ್ಲಿ ನೋಡಿ, ಆಮೇಲೆ ಹೋಗಿ ನೋಡಿ ಹೇಗೆ ತಾಳೆ ಹಾಕಿದ್ವಿ ಅಂತ ಒಂದು ಪ್ಯಾರಾ ಸೇರಿಸಿದ್ವಿ. "ಕೇರಿ" ಅನ್ನೋ ಪದ ತೆಗೀರಿ ಅಂದಿದ್ದನ್ನ ಒಪ್ಪಲಿಲ್ಲ. ಯಾಕೆ ಒಪ್ಪಲ್ಲ ಅಂತ ಎರಡು ಸಾಲು ಬರೆದ್ವಿ. ಉಳೀತು.

ಈಗ ಮಾಡಬೇಕಾದ್ದು. ಸಲ್ಲಿಸಿದ ದಿನವೇ ಜರ್ನಲ್ ತಾಣ ಕಟ್ಟಿಕೊಡುವ ಪಿಡಿಎಫ್ ಇಳಿಸಿಟ್ಟುಕೊಳ್ಳಿ. ವಿಶ್ವವಿದ್ಯಾಲಯದ ಮೇಲ್ ಒಂದನ್ನೇ ನಂಬಬೇಡಿ, ನೋಂದಣಿ ಮುಗಿದ ಮೇಲೆ ಅದು ನಿಂತುಹೋಗಬಹುದು. ಎಲ್ಲ ಪತ್ರವನ್ನೂ ಸ್ವಂತ ಮೇಲ್‌ಗೆ ಕಳಿಸ್ಕೊಳ್ಳಿ. ತೀರ್ಮಾನದ ಪತ್ರ ಬಂದಾಗ ಮೊದಲು ಒಂದೇ ವಿಷಯ ಹುಡುಕಿ: ಅದೇ ಸಂಖ್ಯೆಯಲ್ಲಿ ತಿದ್ದುಪಡಿಯಾ, ಹೊಸ ಸಲ್ಲಿಕೆಯಾ. ಸ್ಪಷ್ಟ ಇಲ್ಲದಿದ್ದರೆ ಅವತ್ತೇ ಮೇಲ್ ಹಾಕಿ ಕೇಳಿ. ಹೊಸ ಸಲ್ಲಿಕೆಯಾದರೆ ಜೊತೆಗಿನ ಪತ್ರದಲ್ಲಿ ಹಳೆಯ ಸಂಖ್ಯೆ, ಹಳೆಯ ತಾರೀಕು ಕಡ್ಡಾಯ ಬರೀರಿ. ಗಡುವು ಸಾಲಲ್ಲ ಅನ್ನಿಸಿದರೆ ಅದು ಮುಗಿಯೋಕೆ ಮುಂಚೆ ಕೇಳಿ, ಬಹಳ ಸಲ ಕೊಡ್ತಾರೆ.

ಮೊದಲ ಸಲ್ಲಿಕೆಯ ತಾರೀಕನ್ನೂ ಅಚ್ಚು ಹಾಕಿ ಅಂತ ನಾವು ಸಂಪಾದಕರನ್ನ ಕೇಳಿದ್ವಿ. ಗಣಕವ್ಯವಸ್ಥೆ ತಾನಾಗೇ ತಗೊಳ್ಳೋ ತಾರೀಕದು, ಬದಲಿಸೋಕಾಗಲ್ಲ ಅಂತ ಉತ್ತರ ಬಂತು. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದ ಕಾನೂನಿದೆ, ಜರ್ನಲ್‌ಗೆ ಅಂಥದ್ದಿಲ್ಲ. ಹಾಗಾಗಿ ನಮ್ಮ ಒತ್ತಾಯ ವಿಶ್ವವಿದ್ಯಾಲಯಗಳ ಮೇಲೆ. ಸಂಶೋಧಕರ ಪ್ರಗತಿ ಅಳೆಯುವಾಗ ಅಚ್ಚಾದ ತಾರೀಕಿನ ಜೊತೆಗೆ ಮೊದಲ ಸಲ್ಲಿಕೆಯ ಸ್ವೀಕೃತಿ ಮೇಲನ್ನೂ ದಾಖಲೆ ಅಂತ ಒಪ್ಪಬೇಕು. ಇದನ್ನ ನಿಯಮದಲ್ಲೇ ಬರೀಬೇಕು, ಯಾರೋ ಒಬ್ಬ ಸದಸ್ಯರ ದಯೆಗೆ ಬಿಡಬಾರದು.

ನಿಮ್ಮ ಲೇಖನದಲ್ಲೂ ಹೀಗೆ ತಿಂಗಳುಗಳು ಕಾಣೆಯಾಗಿದ್ದರೆ ಎರಡು ಸಾಲು ಕೆಳಗೆ ಹಾಕಿ: ಮೊದಲು ಕಳಿಸಿದ ದಿನ, ಅಚ್ಚಿನಲ್ಲಿ ಬಂದ ದಿನ. ಹೆಸರು ಬೇಡ, ತಾರೀಕು ಸಾಕು. ಸಮಿತಿಗಳ ಮುಂದೆ ಹೋಗುವಾಗ ಆ ಪಟ್ಟಿ ತಗೊಂಡೇ ಹೋಗ್ತೀನಿ.

ಎರಡನೇ ಪ್ರತಿಗೆ ಸೀಲು ಹಾಕಿಸ್ಕೊಳ್ಳೋದು ಮರೀಬೇಡಿ.

ಜೈಭೀಮ್.